ಐದು ದಿನ ಹದಿನಾರು ಸಾವಿರ ಇತ್ತು, ಆದರೂ ಮಿನಿಮಮ್ ಬ್ಯಾಲೆನ್ಸ್ ದಂಡ ಬಿತ್ತು

ಜುಲೈ ಮಧ್ಯದಲ್ಲಿ ಮೊಬೈಲಿಗೆ ಒಂದು ಮೆಸೇಜ್ ಬಂತು. ನನ್ನ ಹಳೆಯ ಖಾತೆಯಿಂದ 245 ರೂಪಾಯಿ 44 ಪೈಸೆ ಕಡಿತ. ನಾನು ಏನೂ ಕೊಂಡಿರಲಿಲ್ಲ, ಯಾರಿಗೂ ಕಳಿಸಿರಲಿಲ್ಲ. ಯಾರೋ ಖಾತೆಗೆ ಕೈ ಹಾಕಿದ್ದಾರೆ ಅಂತಲೇ ಮೊದಲು ಅನಿಸಿತು. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಕೈ ಹಾಕಿದ್ದು ಬ್ಯಾಂಕೇ. ಮಿನಿಮಮ್ ಬ್ಯಾಲೆನ್ಸ್ ಇಟ್ಟಿಲ್ಲ ಅಂತ ದಂಡ.

ನನಗೆ ಸಿಟ್ಟು ಬಂದಿದ್ದಕ್ಕೆ ಕಾರಣ ಇತ್ತು. ಬ್ಯಾಲೆನ್ಸ್ ಕಡಿಮೆ ಇದೆ ಅಂತ ಜೂನ್ 20ಕ್ಕೆ ಮೆಸೇಜ್ ಬಂದಾಗ, ಮಾರನೇ ದಿನವೇ 12,000 ಹಾಕಿದ್ದೆ. ಬೇಕಾಗಿದ್ದು 10,000. ಖಾತೆಯಲ್ಲಿ 16,200 ಆಗಿತ್ತು. ಇನ್ನೇನು ಬೇಕು?

ಇದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಅದು ಸ್ಯಾಲರಿ ಅಕೌಂಟ್ ಆಗಿತ್ತು. ಜೀರೋ ಬ್ಯಾಲೆನ್ಸ್, ಯಾವ ತಲೆನೋವೂ ಇರಲಿಲ್ಲ. ಜನವರಿಯಲ್ಲಿ ಕೆಲಸ ಬದಲಾಯಿಸಿದೆ, ಹೊಸ ಸಂಬಳ ಬೇರೆ ಬ್ಯಾಂಕಿಗೆ ಬರತೊಡಗಿತು. ಹಳೆಯದು ಇರಲಿ ಬಿಡು ಅಂತ ನಾಲ್ಕು ಸಾವಿರ ಚಿಲ್ಲರೆ ಬಿಟ್ಟು ಸುಮ್ನಾದೆ. ಮೂರು ತಿಂಗಳು ಸಂಬಳ ಬೀಳದೇ ಹೋದರೆ ಅದು ಮಾಮೂಲಿ ಉಳಿತಾಯ ಖಾತೆ ಆಗುತ್ತದೆ ಎಂದು ಆ ಬ್ಯಾಂಕಿನ ನಿಯಮ. ಖಾತೆ ನಂಬರ್ ಅದೇ, ಎಟಿಎಂ ಕಾರ್ಡ್ ಅದೇ. ಬದಲಾಗಿದ್ದು ಒಂದೇ, ಇನ್ನು ಮೇಲೆ ತಿಂಗಳಿಗೆ ಸರಾಸರಿ 10,000 ಇರಬೇಕು. ಜೂನ್ ಮೊದಲ ವಾರ ಇದರ ಬಗ್ಗೆ ಬಂದಿದ್ದ ಮೆಸೇಜನ್ನು ಸಾಲದ ಜಾಹೀರಾತು ಅಂದುಕೊಂಡು ತೆರೆಯದೇ ಬಿಟ್ಟಿದ್ದೆ. ತಪ್ಪು ನನ್ನದೇ.

ಈಗ ದಂಡದ ವಿಷಯಕ್ಕೆ ಬರೋಣ. ಶಾಖೆಗೆ ಹೋಗಿ ಜಗಳಕ್ಕೆ ನಿಂತೆ. "ಹದಿನಾರು ಸಾವಿರ ಇತ್ತಲ್ಲ ಮೇಡಂ" ಅಂದೆ. ಅಲ್ಲಿದ್ದ ಅಧಿಕಾರಿ ಬೇಜಾರು ಮಾಡಿಕೊಳ್ಳದೆ ನನ್ನ ಸ್ಟೇಟ್‌ಮೆಂಟಿನ ಹಿಂಬದಿಯಲ್ಲೇ ಲೆಕ್ಕ ಬರೆದು ತೋರಿಸಿದರು. "ಸರ್, ಎಷ್ಟು ಇತ್ತು ಅನ್ನೋದು ಅರ್ಧ ಲೆಕ್ಕ. ಎಷ್ಟು ರಾತ್ರಿ ಇತ್ತು ಅನ್ನೋದು ಇನ್ನರ್ಧ" ಅಂದರು.

ಪ್ರತಿದಿನ ವಹಿವಾಟು ಮುಗಿದ ಮೇಲೆ ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ಬ್ಯಾಂಕ್ ನೋಡುತ್ತದೆ. ತಿಂಗಳ ಎಲ್ಲ ದಿನಗಳ ಆ ಮೊತ್ತವನ್ನು ಕೂಡಿ, ದಿನಗಳ ಸಂಖ್ಯೆಯಿಂದ ಭಾಗಿಸುತ್ತದೆ. ಬಂದಿದ್ದೇ ಸರಾಸರಿ ಮಾಸಿಕ ಬ್ಯಾಲೆನ್ಸ್, ಅವರ ಭಾಷೆಯಲ್ಲಿ ಎಎಂಬಿ. ಬೆಳಿಗ್ಗೆ ಐವತ್ತು ಸಾವಿರ ಹಾಕಿ ಸಂಜೆಯೊಳಗೆ ತೆಗೆದರೆ ಆ ಐವತ್ತು ಸಾವಿರ ಈ ಲೆಕ್ಕಕ್ಕೆ ಬರುವುದೇ ಇಲ್ಲ. ರಜಾ ದಿನ, ಭಾನುವಾರ ಎಲ್ಲವೂ ದಿನಗಳೇ. ಶನಿವಾರ ಸಂಜೆ ಇದ್ದಿದ್ದು ಭಾನುವಾರವೂ ಮುಟ್ಟದಿದ್ದರೆ ಎರಡು ದಿನ ಅಂತಲೇ ಎಣಿಕೆ.

ನನ್ನ ಜೂನ್ ತಿಂಗಳು ಹೀಗಿತ್ತು. 1ರಿಂದ 20ರವರೆಗೆ ಪ್ರತಿದಿನ 4,200. ಇಪ್ಪತ್ತು ದಿನಕ್ಕೆ ಕೂಡಿದರೆ 84,000. 21ರಿಂದ 25ರವರೆಗೆ 16,200, ಐದು ದಿನಕ್ಕೆ 81,000. ನಿಯಮ ಮುಗಿಯಿತು ಅಂದುಕೊಂಡು 26ಕ್ಕೆ 10,000 ವಾಪಸ್ ತೆಗೆದೆ. ಉಳಿದ ಐದು ದಿನ 6,200ರಂತೆ 31,000. ಒಟ್ಟು 1,96,000. ಮೂವತ್ತರಿಂದ ಭಾಗಿಸಿದರೆ 6,533 ರೂಪಾಯಿ. ಹತ್ತು ಸಾವಿರಕ್ಕೆ ಸುಮಾರು 3,467 ಕಡಿಮೆ. ಆ ಬ್ಯಾಂಕಿನಲ್ಲಿ ದಂಡ ಕೊರತೆಯ ಶೇ. 6, ಅಂದರೆ 208 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ 37 ರೂಪಾಯಿ 44 ಪೈಸೆ. ಸರಿಯಾಗಿ ಹೊಂದಿತು. ದಂಡಕ್ಕೂ ಜಿಎಸ್‌ಟಿ ಇದೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ಹಾಗಾದರೆ 21ಕ್ಕೆ ಎಷ್ಟು ಹಾಕಬೇಕಿತ್ತು? ಇದನ್ನು ಗೊತ್ತು ಮಾಡಿಕೊಳ್ಳುವುದು ಕಷ್ಟ ಅಲ್ಲ. ಸರಾಸರಿಯನ್ನು ಮರೆತು ತಿಂಗಳ ಒಟ್ಟು ಮೊತ್ತವನ್ನು ಹಿಡಿದುಕೊಂಡರೆ ಸಾಕು. ಮೂವತ್ತು ದಿನಕ್ಕೆ ಹತ್ತು ಸಾವಿರದಂತೆ 3,00,000 ಆಗಬೇಕು. 20ರವರೆಗೆ ಆಗಿದ್ದು 84,000. ಇನ್ನು 2,16,000 ಬೇಕು, ಹತ್ತೇ ದಿನ ಉಳಿದಿದೆ. ದಿನಕ್ಕೆ 21,600. ಅಂದರೆ 17,400 ಹಾಕಿ ತಿಂಗಳ ಕೊನೆಯವರೆಗೆ ಮುಟ್ಟದೇ ಇರಬೇಕಿತ್ತು. ತಡ ಮಾಡಿದಷ್ಟೂ ಹಾಕಬೇಕಾದ ಮೊತ್ತ ಬೆಳೆಯುತ್ತದೆ. ಕೊನೆಯ ದಿನ ನೆನಪಾದರೆ ಒಂದು ರಾತ್ರಿಗೆ ಲಕ್ಷಗಟ್ಟಲೆ ಇಡಬೇಕಾಗುತ್ತದೆ. ಉಲ್ಟಾ ಕೂಡ ನಿಜ. ತಿಂಗಳ ಮೊದಲ ಹತ್ತು ದಿನ 30,000 ಇದ್ದರೆ ಆಮೇಲೆ ಖಾತೆ ಖಾಲಿ ಮಾಡಿದರೂ ಸರಾಸರಿ ಹತ್ತು ಸಾವಿರಕ್ಕೆ ಸರಿ ಹೋಗುತ್ತದೆ.

ಇನ್ನೊಂದು ಕಡೆ ಜನ ಎಡವುವುದು ಹೆಸರಿನಿಂದಲೇ. ಎಲ್ಲರೂ ಮಿನಿಮಮ್ ಬ್ಯಾಲೆನ್ಸ್ ಅನ್ನುತ್ತೇವೆ. ಹಾಗಾಗಿ ಒಂದು ದಿನ ಇಳಿದರೂ ದಂಡ ಅಂತ ಕೆಲವರು ಹೆದರುತ್ತಾರೆ, ಒಂದು ದಿನ ಏರಿಸಿದರೆ ಸಾಕು ಅಂತ ನನ್ನಂಥವರು ಮೋಸ ಹೋಗುತ್ತಾರೆ. ಸರಾಸರಿ ಕೇಳುವ ಖಾತೆಯಲ್ಲಿ ಎರಡೂ ತಪ್ಪು. ಕೆಲವು ಖಾತೆಗಳಲ್ಲಿ ತಿಂಗಳ ಬದಲು ಮೂರು ತಿಂಗಳ ಸರಾಸರಿ ಇರುತ್ತದೆ, ನಿಮ್ಮದು ಯಾವುದು ಎಂದು ಕೇಳಿಕೊಳ್ಳಿ. ದಂಡದ ಪಟ್ಟಿಯೂ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ 2020ರಲ್ಲೇ ಉಳಿತಾಯ ಖಾತೆಗಳಿಗೆ ಈ ದಂಡ ಕೈಬಿಟ್ಟಿತು.

ಬ್ಯಾಂಕಿಗೂ ಕಟ್ಟುಪಾಡು ಇದೆ. 2014ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಮೆಸೇಜ್, ಇಮೇಲ್ ಅಥವಾ ಪತ್ರದಲ್ಲಿ ತಿಳಿಸಬೇಕು, ಸರಿಪಡಿಸಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡ ಕೊರತೆಗೆ ತಕ್ಕಂತೆ ಇರಬೇಕು. ಈ ದಂಡದಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಹೋಗಕೂಡದು. ನನಗೆ ಜೂನ್ ಮೊದಲ ವಾರವೇ ತಿಳಿಸಿದ್ದರು, ಸಮಯವೂ ಕೊಟ್ಟಿದ್ದರು. ಹಾಗಾಗಿ ದುಡ್ಡು ವಾಪಸ್ ಬರಲಿಲ್ಲ. ನಿಮಗೆ ತಿಳಿಸದೇ ಕಡಿತ ಮಾಡಿದ್ದರೆ ಮಾತ್ರ ಬಿಡಬೇಡಿ. ಮೊದಲು ಬ್ಯಾಂಕಿಗೆ ಲಿಖಿತವಾಗಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ಹಾಕಬಹುದು. ದೂರಿನಲ್ಲಿ ದಿನದಿನದ ಬ್ಯಾಲೆನ್ಸ್ ಲೆಕ್ಕ ಬರೆದಿದ್ದರೆ ಜಾರಿಕೊಳ್ಳುವುದು ಅವರಿಗೆ ಕಷ್ಟ.

ನಾನು ಹೊರಡುವಾಗ ಮೇಡಂ ಒಂದು ಮಾತು ಕೇಳಿದರು. "ಈ ಖಾತೆಯಲ್ಲಿ ನೀವು ಏನು ಮಾಡ್ತೀರಿ ಸರ್?" ಗ್ಯಾಸ್ ಸಬ್ಸಿಡಿ ಬರುತ್ತೆ, ಅಷ್ಟೇ ಅಂದೆ. ಹಾಗಾದರೆ ಬೇಸಿಕ್ ಉಳಿತಾಯ ಖಾತೆ ಮಾಡಿಸಿಕೊಳ್ಳಿ, ಅದಕ್ಕೆ ಮಿನಿಮಮ್ ಬ್ಯಾಲೆನ್ಸೇ ಇಲ್ಲ ಅಂದರು. ಎಲ್ಲ ಬ್ಯಾಂಕೂ ಇದನ್ನು ಕೊಡಲೇಬೇಕು. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು, ಅದೊಂದು ಷರತ್ತು. ಅರ್ಜಿ ಒಂದೇ ಪುಟ. ಅಲ್ಲೇ ನಿಂತು ಸಹಿ ಹಾಕಿದೆ. ಖಾತೆ ಬದಲಾಗುವವರೆಗೆ ಜುಲೈ ಲೆಕ್ಕ ಓಡುತ್ತಲೇ ಇರುತ್ತದೆ ಎಂದು ಅವರೇ ನೆನಪಿಸಿದರು. ಜುಲೈಗೆ 31 ದಿನ, 3,10,000 ಆಗಬೇಕು. ಮನೆಗೆ ಬರುವ ದಾರಿಯಲ್ಲೇ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿ ದುಡ್ಡು ಕಳಿಸಿದೆ.