ಅಪ್ಪನ ಶುಗರ್ ಮೀಟರ್: ವರ್ಷದ ಮೇಲೆ ಬಳಸಿದ ನಂತರ ಒಂದು ವಿಮರ್ಶೆ

ಮೀಟರ್ ಚೆನ್ನಾಗಿದೆ. ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಸ್ಟ್ರಿಪ್ ಡಬ್ಬಿಯ ಲೇಬಲ್‌ಗೋಸ್ಕರ.

ಅಪ್ಪನಿಗೆ 76 ವರ್ಷ, ಡೊಂಬಿವಲಿಯಲ್ಲಿ ಅಮ್ಮನ ಜೊತೆ ಇದ್ದಾರೆ. ನಾನು ಪುಣೆಯಲ್ಲಿ. ಶುಗರ್ ಇದೆ ಅಂತ ಗೊತ್ತಾದ ಮೇಲೆ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಎರಡು ಫೋಟೊ ಬರುತ್ತವೆ: ಒಂದು ಮೀಟರ್ ಪರದೆ, ಇನ್ನೊಂದು ಅವರು ಬರೆದಿಟ್ಟ ಪುಟ. ಮೊದಮೊದಲ ಫೋಟೊದಲ್ಲಿ ಪರದೆ ಮೇಲೆ 142 ಇತ್ತು. ಪುಟದಲ್ಲಿ ಅದೇ 142ರ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ. "ನಾಲ್ಕು ಪಾಯಿಂಟ್ ಜಾಸ್ತಿ ಆಗಿದೆ ನೋಡು" ಅಂದರು. ಯಾವುದಕ್ಕಿಂತ ಜಾಸ್ತಿ ಅಂತ ಕೇಳಿದರೆ, ಡಬ್ಬಿಯ ಮೇಲೆ 102–138 ಅಂತ ಅಚ್ಚಾಗಿದೆಯಲ್ಲ, ಅದಕ್ಕಿಂತ!

ಅದು ಮನುಷ್ಯರ ರಕ್ತಕ್ಕೆ ಹಾಕಿದ ಲೆಕ್ಕವೇ ಅಲ್ಲ. ಸ್ಟ್ರಿಪ್ ಸರಿಯಿದೆಯಾ ಅಂತ ನೋಡಲು ರಕ್ತದ ಬದಲು ಕಂಟ್ರೋಲ್ ಸೊಲ್ಯೂಷನ್ ಅನ್ನೋ ಸಕ್ಕರೆ ದ್ರವದ ಒಂದು ಹನಿ ಹಾಕುತ್ತಾರೆ, ಆಗ ಬರುವ ನಂಬರ್ ಈ ಮಿತಿಯೊಳಗೆ ಇರಬೇಕು, ಅಷ್ಟೇ. ಹೊಸ ಡಬ್ಬಿ ತಂದಾಗ ಲೇಬಲ್ ಮೇಲೆ ಬೇರೆ ನಂಬರ್ ಇತ್ತು. ಆಗ ಅಪ್ಪನಿಗೂ ಪೂರ್ತಿ ನಂಬಿಕೆ ಬಂತು, ನಮ್ಮ ಗುರಿ ಡಬ್ಬಿ ಬದಲಾದ ಹಾಗೆ ಬದಲಾಗುವುದಿಲ್ಲವಲ್ಲ.

ಅವರ ಗುರಿ ಡಾಕ್ಟರ ಚೀಟಿಯಲ್ಲಿತ್ತು: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 90ರಿಂದ 150, ಮಲಗುವಾಗ 100ರಿಂದ 180. ಹಾಗಾದರೆ 142 ಸರಿಯಾಗೇ ಇದೆ. ಪಕ್ಕದ ಮನೆಯ ಕಾಕಾಗೆ 80–130 ಹೇಳಿದ್ದಾರಂತೆ, ಅವರು ಇನ್ನೂ ಐವತ್ತರ ಆಸುಪಾಸು. ಅಪ್ಪನಿಗೆ ವಯಸ್ಸಾಗಿದೆ, ಹಾರ್ಟಿನ ತೊಂದರೆ ಇದೆ, ಮೇಲೆ ಗ್ಲಿಮೆಪಿರೈಡ್ ಮಾತ್ರೆ. ಆ ಮಾತ್ರೆ ಶುಗರನ್ನು ಬೇಕಾದ್ದಕ್ಕಿಂತ ಕೆಳಗೂ ಇಳಿಸಬಹುದು, ಅದಕ್ಕೇ ಮಿತಿ ಸ್ವಲ್ಪ ಸಡಿಲ. ಈಗ ಚೀಟಿಯ ಆ ಎರಡು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಪುಸ್ತಕದ ಒಳಗಿನ ರಟ್ಟಿಗೆ ಅಂಟಿಸಿದ್ದೇವೆ, ಡಬ್ಬಿಯ ನಂಬರ್ ಮೇಲೆ ಬಿಳಿ ಟೇಪ್.

ನಾಲ್ಕು ಪಾಯಿಂಟಿಗೆ ತಲೆ ಕೆಡಿಸಿಕೊಳ್ಳುವುದೂ ಸುಮ್ನೆ. ಮನೆ ಮೀಟರಿಗೆ ಒಪ್ಪಿಕೊಂಡಿರುವ ವ್ಯತ್ಯಾಸವೇ, 100ರ ಮೇಲಿನ ನಂಬರಿಗೆ, ಶೇಕಡ 15ರಷ್ಟು ಅತ್ತ ಇತ್ತ. ಲ್ಯಾಬಿನಲ್ಲಿ 140 ಬರುವ ರಕ್ತಕ್ಕೆ ಇದು 119 ತೋರಿಸಿದರೂ, 161 ತೋರಿಸಿದರೂ ಕೆಟ್ಟಿದೆ ಅನ್ನುವ ಹಾಗಿಲ್ಲ. ಮಾವಿನಹಣ್ಣು ಹೆಚ್ಚಿದ ಕೈಯಲ್ಲಿ ಚುಚ್ಚಿಕೊಂಡರೆ ಮಾತ್ರ ನಂಬರ್ ನಿಜವಾಗಿಯೂ ಹಾರುತ್ತದೆ. ಸೋಪಿನಲ್ಲಿ ತೊಳೆದು, ಒರೆಸಿ, ಮತ್ತೆ ನೋಡಿ.

ಲಂಡನ್ನಿನಲ್ಲಿರುವ ಚಿಕ್ಕಪ್ಪ ಇದರ ಮಧ್ಯೆ ತಮ್ಮ ಮೀಟರಿನ ಫೋಟೊ ಹಾಕಿದರು, ಅದರಲ್ಲಿ 7.9. ಅಮ್ಮ ಗಾಬರಿ: ಅವರಿಗೆ ಎಂಟೂ ಇಲ್ಲ, ಇವರಿಗೆ ನೂರನಲವತ್ತು! ಪರದೆಯ ಮೂಲೆ ನೋಡಬೇಕು. ಅಪ್ಪನದರಲ್ಲಿ `mg/dL`, ಚಿಕ್ಕಪ್ಪನದರಲ್ಲಿ `mmol/L`. ಎರಡನೆಯದನ್ನು 18ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ: 7.9 × 18 ಅಂದರೆ ಸುಮಾರು 142. ಅಣ್ಣತಮ್ಮಂದಿರ ಶುಗರ್ ಒಂದೇ. ಆದರೆ ಅಪ್ಪನ ಲ್ಯಾಬ್ ರಿಪೋರ್ಟಿನಲ್ಲೂ ಒಂದು 7.9 ಇತ್ತು, ಪಕ್ಕದಲ್ಲಿ ಶೇಕಡ ಗುರುತು. ಅದು ಎಚ್‌ಬಿಎ1ಸಿ, ಸುಮಾರು ಮೂರು ತಿಂಗಳ ಸರಾಸರಿಯ ಸುಳಿವು, ಅದನ್ನು 18ರಿಂದ ಗುಣಿಸಬೇಡಿ. ಮೀಟರಿನ ಲೆಕ್ಕಕ್ಕೆ ತಂದರೆ ಅದು 180ರ ಹತ್ತಿರ ಆಗುತ್ತದೆ. ಮೀಟರ್ ಪರದೆಯ ಮೂಲೆಯ ಅಕ್ಷರಗಳು ಇರುವೆ ಗಾತ್ರ, ಫ್ಲ್ಯಾಶ್ ಹಾಕಿ ತೆಗೆದರೆ ಫೋಟೊದಲ್ಲಿ ಕಾಣುವುದೇ ಇಲ್ಲ. ಫ್ಲ್ಯಾಶ್ ಆಫ್ ಮಾಡಿ, ಪರದೆ ಪೂರ್ತಿ ಬರುವಂತೆ ತೆಗೆಯಿರಿ. ಮೂಲೆಯಲ್ಲಿ `AVG` ಇದ್ದರೆ ಅದು ಹಳೆಯ ರೀಡಿಂಗ್‌ಗಳ ಸರಾಸರಿ, ಇವತ್ತಿನದಲ್ಲ.

ಬ್ಯಾಟರಿ ಬದಲಿಸಿದಾಗ ನಮ್ಮ ಮೀಟರಿನ ಗಡಿಯಾರ ತಪ್ಪಿಹೋಗುತ್ತದೆ. ಆದ್ದರಿಂದ ಹೊತ್ತು ಯಾವುದು, ಊಟಕ್ಕೆ ಮುಂಚೆಯೋ ಆಮೇಲೋ ಅಂತ ಪುಸ್ತಕದಲ್ಲಿ ಬರೆಯಲೇಬೇಕು. ಊಟವಾದ ಎರಡು ಗಂಟೆ ಅಂದರೆ ಮೊದಲ ತುತ್ತಿನಿಂದ ಎಣಿಸಿ, ಕೈ ತೊಳೆದ ಮೇಲಿಂದಲ್ಲ.

ಕೆಂಪು ಸೊನ್ನೆ ನಿಜಕ್ಕೂ ಬೇಕಿದ್ದದ್ದು ಅದೇ ಪುಟದ ಕೆಳಗೆ. ರಾತ್ರಿ 11ರ ಸಾಲಿನಲ್ಲಿ 68, ಪಕ್ಕದಲ್ಲಿ "ಚೆನ್ನಾಗಿದೆ" ಅಂತ ಅಪ್ಪನ ಷರಾ. 70ಕ್ಕಿಂತ ಕಡಿಮೆಯಾದರೆ ಯಾರಿಗೂ ಚೆನ್ನಾಗಿಲ್ಲ, ಅವರ ಮಾತ್ರೆಗಂತೂ ಇಲ್ಲವೇ ಇಲ್ಲ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಹಿಂದಿನ ರಾತ್ರಿ ಕೈ ನಡುಗಿತ್ತಾ ಅಂತ ಕೇಳಿದೆ. "ಹೌದು, ಬೆವರೂ ಬಂತು, ಸೆಕೆ ಅಂದುಕೊಂಡೆ" ಅಂದರು. ಆ ಪುಟ ನೋಡಿದ ಡಾಕ್ಟರು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು.