ಟಿಕ್ ಟಿಕ್ ಸದ್ದಿಗೆ ಕ್ಲಾಕ್ ಡಬ್ಬ ಮಾರ್ತಾರೆ, ಹುಷಾರು

ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರು ದಯವಿಟ್ಟು ಓದಿ. ಇಂಟರ್ಫೇಸ್‌ಗೆ ಎಂಟು ಚಾನೆಲ್ಲಿನ ಪ್ರೀಆಂಪ್ ಸೇರಿಸಿ, ನಡುವೆ ಆಪ್ಟಿಕಲ್ ಕೇಬಲ್ ಹಾಕಿದ್ದೀರಾ? ಟಿಕ್ ಟಿಕ್ ಅಂತ ಸದ್ದು ಬರ್ತಿದೆಯಾ? ಅಂಗಡಿಗೆ ಮಾತ್ರ ಓಡಬೇಡಿ. ನಾನು ಓಡಿದೆ. 28 ಸಾವಿರ ರೂಪಾಯಿ ಕಳೆದುಕೊಂಡೆ. ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೀತಿದ್ದೀನಿ.

ಡೊಳ್ಳಿನ ತಂಡದ ರೆಕಾರ್ಡಿಂಗ್ ಇತ್ತು. ಇಂಟರ್ಫೇಸ್‌ನ ಎಂಟು ಮೈಕ್ ಸಾಲದೆ ಪ್ರೀಆಂಪ್‌ನಿಂದ ಇನ್ನೆಂಟು ತೆಗೆದುಕೊಂಡೆ. ಡೊಳ್ಳಿನ ಅಬ್ಬರದಲ್ಲಿ ಏನೂ ಗೊತ್ತಾಗಲಿಲ್ಲ. ಆಮೇಲೆ 12ನೇ ಚಾನೆಲ್ಲಿನ ಕೊಳಲು ಒಂದನ್ನೇ ಹಾಕಿ ಕೇಳಿದರೆ, ಉದ್ದ ಸ್ವರದ ಮಧ್ಯೆ ಮಧ್ಯೆ ಸಣ್ಣ ಟಿಕ್. ಪ್ರೀಆಂಪಿನ ಎಲ್ಲ ಚಾನೆಲ್ಲಿನಲ್ಲೂ ಅದೇ ಜಾಗದಲ್ಲಿ ಟಿಕ್. ಮೊದಲ ಎಂಟರಲ್ಲಿ ಒಂದೂ ಇಲ್ಲ.

ಅಂಗಡಿಯವನಿಗೆ ಫೋನ್ ಮಾಡಿದೆ. ಸ್ಕ್ರೀನಿನಲ್ಲಿ ADAT, ಅಂದರೆ ಆ ಆಪ್ಟಿಕಲ್ ಇನ್‌ಪುಟ್, ಅದರ ಎದುರು ಏನಿದೆ ಅಂತ ಕೇಳಿದ. Lock ಅಂತಿದೆ ಅಂದೆ. "ಹಾಗಾದ್ರೆ ಕೇಬಲ್ ಸರಿ ಇದೆ ಸರ್. ನಿಮ್ಮ ಇಂಟರ್ಫೇಸ್ ಕ್ಲಾಕೇ ವೀಕು. ಎಲ್ಲ ಪೆಟ್ಟಿಗೆಗೂ ಒಂದೇ ತಾಳ ಕೊಡೋ ವರ್ಡ್ ಕ್ಲಾಕ್ ಜನರೇಟರ್ ಹಾಕ್ಲೇಬೇಕು. ದೊಡ್ಡ ಸ್ಟುಡಿಯೋದಲ್ಲೆಲ್ಲ ಇದೇ ಸರ್." ಇಂಟರ್ಫೇಸ್ ಯಾವ ಮಾಡೆಲ್ ಅಂತ ಅವನಿಗೆ ಚೆನ್ನಾಗಿ ಗೊತ್ತು. ಮಾರಿದವನೇ ಅವನು!

ಡಬ್ಬ ಬಂತು, ಜೊತೆಗೆ ಎರಡು ಬಿಎನ್‌ಸಿ ಕೇಬಲ್. ಒಂದನ್ನು ಪ್ರೀಆಂಪಿಗೆ ಚುಚ್ಚಿದೆ. ಇನ್ನೊಂದನ್ನು ಹಿಡಿದು ಇಂಟರ್ಫೇಸ್ ಹಿಂದೆ ಟಾರ್ಚ್ ಬಿಟ್ಟು ಹುಡುಕ್ತೀನಿ, ಜಾಗವೇ ಇಲ್ಲ. ಆ ಮಾಡೆಲ್‌ಗೆ ವರ್ಡ್ ಕ್ಲಾಕ್ ಇನ್‌ಪುಟ್ಟೇ ಇಲ್ಲ! ಆಪ್ಟಿಕಲ್ ತೂತು ಬಿಟ್ಟರೆ ಬೇರೇನಿಲ್ಲ. ಕೇಬಲ್ ಕೈಯಲ್ಲಿ ಹಿಡಿದು ನಿಂತಿದ್ದೆ ನೋಡಿ, ಆಗ ಹೊಟ್ಟೆ ಉರಿದುಹೋಯ್ತು. ಟಿಕ್ ಟಿಕ್ ಮಾತ್ರ ಹಾಗೇ ಇತ್ತು.

ಮತ್ತೆ ಫೋನ್. "ಹೌದಾ ಸರ್? ಹಾಗಾದ್ರೆ ಬಿಎನ್‌ಸಿ ಇರೋ ಇಂಟರ್ಫೇಸ್‌ಗೆ ಅಪ್‌ಗ್ರೇಡ್ ಮಾಡ್ಕೊಳ್ಳಿ, ಹಳೇದನ್ನ ಎಕ್ಸ್‌ಚೇಂಜ್‌ಗೆ ತಗೋತೀವಿ." ಎಷ್ಟು ಧೈರ್ಯ ಅಲ್ವಾ?

ಕೊನೆಗೆ ಸೌಂಡ್ ಇಂಜಿನಿಯರ್ ಗೆಳೆಯನಿಗೆ ಹೇಳಿದೆ. "ಆ ಡಬ್ಬ ಬಿಚ್ಚಿ ಪಕ್ಕಕ್ಕಿಡೋ. ಪ್ರೀಆಂಪನ್ನ ಇಂಟರ್ನಲ್ 48ಕ್ಕೆ ಹಾಕು. ಇಂಟರ್ಫೇಸ್ ಪ್ಯಾನೆಲ್‌ನಲ್ಲಿ Clock Source ಏನಿದೆ ನೋಡು" ಅಂದ. Internal ಅಂತಿತ್ತು. ಅದನ್ನು ADAT ಮಾಡಿಸಿದ. Lock ಅಂತಿದ್ದದ್ದು Sync ಆಯ್ತು, ಟಿಕ್ ನಿಂತೇಹೋಯ್ತು. ಖರ್ಚು ಸೊನ್ನೆ.

ವಿಷಯ ಇಷ್ಟೇ. ಎರಡು ಪೆಟ್ಟಿಗೆಯಲ್ಲೂ ಬೇರೆ ಬೇರೆ ಕ್ರಿಸ್ಟಲ್ ಇರುತ್ತೆ. ಎರಡೂ ಸೆಕೆಂಡಿಗೆ 48,000 ಸ್ಯಾಂಪಲ್ ಅಂತ ಹೇಳಿಕೊಂಡರೂ ಕರಾರುವಾಕ್ಕಾಗಿ ಒಂದೇ ಇರಲ್ಲ. ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸ ಇದ್ದರೂ ಸೆಕೆಂಡಿಗೆ ಅರ್ಧ ಸ್ಯಾಂಪಲ್ ಹೆಚ್ಚುಕಮ್ಮಿ. ಅಂದರೆ ಎರಡು ಸೆಕೆಂಡಿಗೊಮ್ಮೆ ಒಂದು ಸ್ಯಾಂಪಲ್ ಜಾಸ್ತಿಯಾಗುತ್ತೆ ಇಲ್ಲವೇ ಸಾಲದೆ ಹೋಗುತ್ತೆ. ಅಲ್ಲೇ ಟಿಕ್. Lock ಅಂದರೆ ಸಿಗ್ನಲ್ ಸರಿಯಾಗಿ ಬರ್ತಿದೆ ಅಂತ ಮಾತ್ರ, ಇಬ್ಬರ ತಾಳ ಒಂದೇ ಅಂತಲ್ಲ. ಅದೇ ಆಪ್ಟಿಕಲ್ ಕೇಬಲ್ಲಿನಲ್ಲಿ ಆಡಿಯೋ ಜೊತೆ ಕ್ಲಾಕ್ ಕೂಡ ಬರುತ್ತೆ. ಇಂಟರ್ಫೇಸ್‌ಗೆ ಅದನ್ನು ಅನುಸರಿಸು ಅಂತ ಹೇಳಬೇಕು, ಅಷ್ಟೇ. ಅಂಗಡಿಯವನಿಗೆ ಇದು ಗೊತ್ತಿರಲಿಲ್ಲ ಅಂತೀರಾ? ನಾನಂತೂ ನಂಬಲ್ಲ.

ನಿಮಗೂ ಅನುಮಾನ ಇದ್ದರೆ ಪ್ರೀಆಂಪಿಗೆ ಸೈನ್ ಟೋನ್ ಕೊಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿ. ಟಿಕ್ ಬಂದ ಕಡೆ ಜೂಮ್ ಮಾಡಿದರೆ ನುಣುಪಾದ ಅಲೆ ಚಕ್ಕನೆ ಒಂದು ಮೆಟ್ಟಿಲು ಹಾರಿರುತ್ತೆ. ಹೆಚ್ಚುಕಡಿಮೆ ಸಮ ಅಂತರದಲ್ಲಿ ಬಂದರೆ ಕ್ಲಾಕ್ ತೊಂದರೆ. ಹೇಗೆಂದರೆ ಹಾಗೆ ಬಂದರೆ, ಕೇಬಲ್ ಅಲ್ಲಾಡಿಸಿದಾಗ ಬಂದರೆ, ಕೇಬಲ್ ಬದಲಾಯಿಸಿ ನೋಡಿ.

ಒಂದು ಕಿರಿಕಿರಿ ಇದೆ. ಹೀಗೆ ಸೆಟ್ ಮಾಡಿದ ಮೇಲೆ ಪ್ರೀಆಂಪ್ ಆಫ್ ಮಾಡುವ ಮೊದಲು ಇಂಟರ್ಫೇಸನ್ನು Internalಗೆ ತನ್ನಿ. ಇಂಟರ್ಫೇಸೇ ಯಜಮಾನ ಆಗಬೇಕು ಅಂದರೆ, ಪ್ರೀಆಂಪಿಗೆ ಆಪ್ಟಿಕಲ್ ಇನ್‌ಪುಟ್ ಇದ್ದಲ್ಲಿ ಇನ್ನೊಂದು ಕೇಬಲ್ ವಾಪಸ್ ಹಾಕಿ ಪ್ರೀಆಂಪಿನ ಕ್ಲಾಕನ್ನು ADATಗೆ ಇಡಿ. ನಾಲ್ಕೈದು ಪೆಟ್ಟಿಗೆ ಇರುವವರಿಗೆ ಕ್ಲಾಕ್ ಡಬ್ಬ ಬೇಕಾಗಬಹುದು. ಎರಡಕ್ಕೆ ಬೇಡ, ಬೇಡ, ಬೇಡ.

ಡಬ್ಬ ವಾಪಸ್ ತಗೊಳ್ಳಿ ಅಂದಿದ್ದಕ್ಕೆ "ಸೀಲ್ ಒಡೆದಿದ್ದೀರಲ್ಲ ಸರ್" ಅಂದ. ಸೀಲ್ ಒಡೆಯದೆ ಹೇಗಪ್ಪಾ ಹಾಕೋದು ಅಂತ ಕೇಳಿದೆ. "ಇರ್ಲಿ ಬಿಡಿ ಸರ್, ಸೌಂಡ್ ಕ್ವಾಲಿಟಿ ಆದ್ರೂ ಇಂಪ್ರೂವ್ ಆಗಿರುತ್ತೆ" ಅಂತ ಫೋನ್ ಇಟ್ಟ.