ಎಎಚ್‌ಯುಗೆ ಮೂರು ಆಫರ್ ಬಂದಿದೆ, ಯಾವುದು ತಗೊಳ್ಳೋದು?

ಎಎಚ್‌ಯು, ಅಂದ್ರೆ ಗಾಳಿ ತಣ್ಣಗೆ ಮಾಡಿ ಡಕ್ಟ್‌ಗೆ ತಳ್ಳೋ ಯಂತ್ರಕ್ಕೆ ನೀವು ಕಳಿಸಿದ ಮೂರೂ ಟೆಕ್ನಿಕಲ್ ಬಿಡ್ ನೋಡ್ದೆ. 10,000 ಸಿಎಫ್‌ಎಂ, ಅಂದ್ರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಅಂತ ಮೂವರೂ ಬರ್ದಿದಾರೆ, ಆದ್ರೆ ಒಳಗಿರೋ ಮಾಲು ಬೇರೆ ಬೇರೆ.

ಮೊದ್ಲು ಕಾಯಿಲ್. ಒಂದನೇ ಆಫರಲ್ಲಿ ಫೇಸ್ ಏರಿಯಾ 16 ಚದರಡಿ, ಭಾಗಿಸಿದ್ರೆ ಗಾಳಿ ನಿಮಿಷಕ್ಕೆ 625 ಅಡಿ ವೇಗದಲ್ಲಿ ಹೋಗುತ್ತೆ, ಅಷ್ಟು ಸ್ಪೀಡಲ್ಲಿ ಕಾಯಿಲ್ ಮೇಲಿನ ನೀರು ಡ್ರೈನ್ ಪ್ಯಾನ್‌ಗೆ ಬೀಳದೆ ಹಾರ್ಕೊಂಡು ಡಕ್ಟ್‌ಗೇ ಸೇರ್ಬಹುದು. ಎರಡನೇದು 20 ಚದರಡಿ, ಅಂದ್ರೆ 500. ಮೂರನೇದು 22, ಸುಮಾರು 455. ಕೂಲಿಂಗಿಗೆ 500 ಆಸುಪಾಸು ಇದ್ರೆ ನನಗೆ ನೆಮ್ಮದಿ. ಒಂದನೇದು ಅಗ್ಗ ಯಾಕೆ ಅಂತ ಇಲ್ಲೇ ಗೊತ್ತಾಗುತ್ತೆ, ನೀರಿನ ಹನಿ ತಡೆಯೋ ಎಲಿಮಿನೇಟರ್ ಹಾಕ್ತೀವಿ ಅಂದ್ರೂ ಅದರ ಪ್ರೆಶರ್ ಲಾಸ್ ಲೆಕ್ಕಕ್ಕೆ ಸೇರಿಸ್ಲಿ.

ಫ್ಯಾನ್ ಪ್ರೆಶರಲ್ಲಿ ಎಲ್ರೂ ಜಾರೋದು. ಎರಡನೇ ಆಫರ್ 75 ಎಂಎಂ ನೀರಿನ ಮಟ್ಟದಷ್ಟು ಪ್ರೆಶರ್ ಅಂತಿದೆ, ಆದ್ರೆ ಅದು ಟೋಟಲ್. ಕಾಯಿಲ್ಲು, ಧೂಳು ತುಂಬಿದ ಫಿಲ್ಟರ್ ಸೇರಿ 45 ತಿಂದ್ರೆ ಡಕ್ಟ್‌ಗೆ ಉಳಿಯೋದು 30, ನಿಮಗೆ ಬೇಕಿರೋದು 40. ಇದನ್ನ ಲಿಖಿತವಾಗಿ ಕೇಳಿ, ಫ್ಯಾನ್ ಕರ್ವ್ ಮೇಲೆ ಅದು ಓಡ್ಬೇಕಾದ ಡ್ಯೂಟಿ ಪಾಯಿಂಟ್ ಗುರುತು ಹಾಕಿಸ್ಕೊಳ್ಳಿ.

ಪ್ಯಾನೆಲ್: ಮಂಗಳೂರಿನಂಥ ಕಡೆ, ಎಸಿ ಇಲ್ದಿರೋ ಪ್ಲಾಂಟ್ ರೂಮಲ್ಲಿ ಇಡೋದಾದ್ರೆ 25 ಎಂಎಂ ದಪ್ಪದ ಪ್ಯಾನೆಲ್ ಹೊರಗೆ ಬೆವರೋ ಸಾಧ್ಯತೆ ಜಾಸ್ತಿ. ಮೂರನೇದರ 50 ಎಂಎಂ, ಒಳಗಿನ ತಂಪು ಹೊರಗಿನ ಲೋಹಕ್ಕೆ ದಾಟದಂತೆ ತಡೆಯೋ ಥರ್ಮಲ್ ಬ್ರೇಕ್ ಅಲ್ಲಿ ಸಾರ್ಥಕ.

ದಿನಕ್ಕೆ 24 ಗಂಟೆ ಓಡ್ಸೋದಾದ್ರೆ ಮೂರನೇದರ ಬೆಲ್ಟಿಲ್ಲದ, ಎಲೆಕ್ಟ್ರಾನಿಕ್ ಮೋಟರಿನ ಇಸಿ ಫ್ಯಾನ್ ಒಳ್ಳೇದು, ಕೆಟ್ಟರೆ ಮಾತ್ರ ಲೋಕಲ್ ಮೆಕ್ಯಾನಿಕ್ ಕೈಲಾಗಲ್ಲ. ಎಂಟು ಗಂಟೆ ಆಫೀಸಿಗೆ, ಪ್ರೆಶರ್ ಸರಿ ಮಾಡಿಕೊಟ್ರೆ ಎರಡನೇದು ಸಾಕು. ಒಂದನೇದು 8,000 ಸಿಎಫ್‌ಎಂ ಸಾಕಾಗೋ ಜಾಗಕ್ಕಾದ್ರೆ ನೋಡ್ಬಹುದು, ಆಗ ವೇಗ 500ಕ್ಕೇ ಇಳಿಯುತ್ತೆ.